ಕಂತು ಕಟ್ಟುತ್ತಲೇ ಇದ್ದರೂ ಅಸಲು ಕರಗದ ಮನೆ

ಪ್ರಶ್ನೆ: ಸರ್, ನಮ್ಮ ತಾತ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ದುಡಿದರು. ಮಿಲ್ಲು ಮುಚ್ಚಿದ ಮೇಲೆ ಅಪ್ಪ ಮಂಡಕ್ಕಿ ಭಟ್ಟಿ ಸೇರಿದರು. ನಾನು ಎಪಿಎಂಸಿಯಲ್ಲಿ ಹಮಾಲಿ. ಮನೇಲಿ ಯಾರಿಗೂ ಕುಡಿಯೋ ಚಟ ಇಲ್ಲ, ಇಸ್ಪೀಟು ಇಲ್ಲ. ಆದರೂ ಮೂರು ತಲೆಮಾರಿನಿಂದ ಸಾಲ ತೀರಿಲ್ಲ. ಈಗ ಅಪ್ಪನಿಗೆ ಕೆಮ್ಮು ಬೇರೆ, ಕೆಲಸಕ್ಕೆ ಸರಿಯಾಗಿ ಹೋಗುತ್ತಿಲ್ಲ. ‘ಬಡತನದ ಬಲೆ’ ಅಂತ ಎಲ್ಲೋ ಓದಿದೆ. ಅದು ನಿಜಾನಾ, ಅಥವಾ ನಮ್ಮಲ್ಲೇ ಏನೋ ತಪ್ಪಿದೆಯಾ?

ಉತ್ತರ: ನಿಮ್ಮ ಮನೆಯವರ ನಡತೆಯಲ್ಲಿ ತಪ್ಪು ಹುಡುಕಬೇಡಿ. ನಾನು ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲೇ ಹೆಚ್ಚು ವರ್ಷ ಕಳೆದವನು. ನಿವೃತ್ತಿಯಾದ ಮೇಲೆ ಸಾಲದಲ್ಲಿ ಸಿಕ್ಕಿದ ಮನೆಗಳ ಲೆಕ್ಕ ಬಿಡಿಸಿಕೊಡುವ ಕೆಲಸ ಮಾಡುತ್ತಿದ್ದೇನೆ. ದುಡಿಮೆ, ಶಿಸ್ತು, ಮರ್ಯಾದೆ ಎಲ್ಲವೂ ಇದ್ದು, ಅಸಲು ಮಾತ್ರ ಒಂದು ರೂಪಾಯಿಯೂ ಕಡಿಮೆಯಾಗದ ಮನೆಗಳನ್ನು ತುಂಬಾ ನೋಡಿದ್ದೇನೆ. ಬಲೆ ಅಂದರೆ ಏನು ಅಂತ ಸುಮ್ನೆ ಬಾಯಲ್ಲಿ ಹೇಳುವುದಕ್ಕಿಂತ ಒಂದು ಮನೆಯ ಲೆಕ್ಕ ಬಿಡಿಸಿ ತೋರಿಸುತ್ತೇನೆ. ಅದೂ ಭಟ್ಟಿ ಏರಿಯಾದ ಮನೆಯೇ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ, ಮೊತ್ತಗಳನ್ನು ಲೆಕ್ಕಕ್ಕೆ ಸುಲಭವಾಗಲಿ ಅಂತ ಸ್ವಲ್ಪ ಸರಿದೂಗಿಸಿದ್ದೇನೆ.

ಆ ಮನೆಯ ಯಜಮಾನರು ಭಟ್ಟಿಯಲ್ಲಿ ಹುರಿಯುವವರು. ನಿಮ್ಮ ತಂದೆಯ ಕೆಲಸವೇ ಅದಾದ್ದರಿಂದ ನಿಮಗೆ ಗೊತ್ತಿರುತ್ತದೆ. ಊರು ಏಳುವ ಮೊದಲೇ ಒಲೆ ಹೊತ್ತಿರಬೇಕು. ಉಪ್ಪು ಹಿಡಿಸಿದ ಅಕ್ಕಿಯನ್ನು ಕಾದ ಮರಳಿಗೆ ಹಾಕಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅರಳುತ್ತದೆ. ತಕ್ಷಣ ಜರಡಿಗೆ ಎತ್ತದಿದ್ದರೆ ಕರಕಲು. ಒಂದು ಕೈ ಮರಳಿನ ಮೇಲೆ, ಇನ್ನೊಂದು ಕೈ ಒಲೆಗೆ ಭತ್ತದ ಹೊಟ್ಟು ಉಣಿಸುತ್ತಲೇ ಇರಬೇಕು. ಆ ಹೊಗೆ, ಧೂಳಿನಲ್ಲಿ ಕೆಮ್ಮದವರೇ ಇಲ್ಲ. ಅದಕ್ಕೇ ಅಲ್ಲಿ ಕೆಮ್ಮನ್ನು ಯಾರೂ ಕಾಯಿಲೆ ಅಂದುಕೊಳ್ಳುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಇಡೀ ಕತೆ ಇದರ ಮೇಲೇ ನಿಂತಿದೆ.

ಅವರ ಹೆಂಡತಿಯದು ಸಂಜೆ ಮಿರ್ಚಿ-ಮಂಡಕ್ಕಿ ಗಾಡಿ. ಮೂರು ವರ್ಷ ಕೂಡಿಟ್ಟು, ತಳ್ಳುಗಾಡಿ, ಒಲೆ, ಬಾಣಲೆ, ಡಬ್ಬಿಗಳು ಎಲ್ಲ ಸೇರಿ 28,000 ರೂಪಾಯಿ ಹಾಕಿದ್ದರು. ಯಜಮಾನರಿಗೆ ದಿನಕ್ಕೆ 450ರಂತೆ ತಿಂಗಳಿಗೆ 24 ದಿನ ಕೆಲಸ, ಅಂದರೆ 10,800. ಗಾಡಿಯಿಂದ ಖರ್ಚು ಕಳೆದು 5,000. ಗೃಹಲಕ್ಷ್ಮಿಯ 2,000. ಒಟ್ಟು 17,800. ಬಾಡಿಗೆ, ರೇಷನ್, ಗ್ಯಾಸು, ಇಬ್ಬರು ಮಕ್ಕಳ ಸ್ಕೂಲು, ಅತ್ತೆಯ ಬಿಪಿ ಮಾತ್ರೆ, ಎಲ್ಲ ಸೇರಿ ಖರ್ಚು 16,500. ಉಳಿಯುತ್ತಿದ್ದದ್ದು 1,300. ಅಡುಗೆಮನೆಯ ಅಟ್ಟದ ಮೇಲೆ ಒಂದು ಹಳೇ ಹಾರ್ಲಿಕ್ಸ್ ಡಬ್ಬಿ, ಅದರಲ್ಲಿ 6,000 ರೂಪಾಯಿ. ಸಾಲ ಇರಲಿಲ್ಲ. ಬಡವರೇ, ಆದರೆ ಮೇಲಕ್ಕೆ ಹತ್ತುತ್ತಿದ್ದ ಬಡವರು. ಇನ್ನೊಂದು ವರ್ಷ ಹೀಗೇ ಹೋಗಿದ್ದರೆ ಎರಡನೇ ಗಾಡಿ ಹಾಕುವ ಯೋಚನೆ ಇತ್ತಂತೆ.

ಆಮೇಲೆ ಯಜಮಾನರಿಗೆ ಕೆಮ್ಮು ಶುರುವಾಯಿತು. ಹೊಟ್ಟಿನ ಧೂಳು ಅಂತ ಬಿಟ್ಟರು. ಮೂರನೇ ವಾರಕ್ಕೆ ಸಂಜೆ ಹೊತ್ತು ಜ್ವರ. ಓಣಿಯ ಡಾಕ್ಟರ ಹತ್ತಿರ ಇಂಜೆಕ್ಷನ್, ಟಾನಿಕ್. ಇನ್ನೊಬ್ಬರ ಹತ್ತಿರ ಗ್ಲೂಕೋಸ್ ಬಾಟಲಿ. ಮತ್ತೊಂದು ಕಡೆ ಎಕ್ಸ್‌ರೇ, ರಕ್ತ ಪರೀಕ್ಷೆ, ಹತ್ತು ದಿನದ ಮಾತ್ರೆ. ಎರಡು ತಿಂಗಳಲ್ಲಿ ನಾಲ್ಕು ಕಡೆ ಸುತ್ತಿ 16,000 ಖರ್ಚು. ಕೊನೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿದಾಗ ಟಿಬಿ ಅಂತ ಗೊತ್ತಾಯಿತು. ಅಲ್ಲಿಂದ ಮುಂದೆ ಔಷಧಿಗೆ ಒಂದು ಪೈಸೆ ಖರ್ಚಾಗಲಿಲ್ಲ. ಟಿಬಿಯ ಪರೀಕ್ಷೆ, ಆರು ತಿಂಗಳ ಮಾತ್ರೆ ಎರಡೂ ಸರ್ಕಾರದಿಂದ ಉಚಿತ.

ಕಾಯಿಲೆಯಿಂದ ಸಾಲ ಅಂದ ತಕ್ಷಣ ನಮಗೆ ದೊಡ್ಡ ಆಪರೇಷನ್, ಲಕ್ಷಗಟ್ಟಲೆ ಬಿಲ್ಲು ನೆನಪಿಗೆ ಬರುತ್ತದೆ. ನಾನು ನೋಡಿದ ಮನೆಗಳಲ್ಲಿ ಜಾಸ್ತಿ ಹೀಗಾಗಿಲ್ಲ. ದುಡ್ಡು ಹೋಗಿದ್ದು ಕಾಯಿಲೆ ಯಾವುದು ಅಂತ ಗೊತ್ತಾಗುವ ಮುಂಚೆ, ಮತ್ತು ಕೆಲಸಕ್ಕೆ ಹೋಗದ ದಿನಗಳಲ್ಲಿ. ಇವರ ಲೆಕ್ಕವನ್ನೇ ನೋಡಿ. ಸುತ್ತಾಟಕ್ಕೆ 16,000. ಆ ಎರಡು ತಿಂಗಳು ಅರ್ಧ ದಿನ ಮಾತ್ರ ಕೆಲಸ, ಕಳೆದುಕೊಂಡ ಕೂಲಿ 10,800. ಮಾತ್ರೆ ಶುರುವಾದ ಮೇಲೆ ಎರಡು ತಿಂಗಳು ಪೂರ್ತಿ ಮನೆಯಲ್ಲಿ, 21,600. ಒಟ್ಟು 48,400. ಹೆಂಡತಿ ಆಸ್ಪತ್ರೆ ಓಡಾಟದಲ್ಲಿ ಗಾಡಿ ಹಾಕದ ಸಂಜೆಗಳನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ. ಇದರಲ್ಲಿ ಮೂರನೇ ಎರಡು ಭಾಗ ಕೈಗೆ ಬಾರದ ಕೂಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಬಹಳ ಒಳ್ಳೆಯ ಯೋಜನೆ. ಆದರೆ ಅದು ಆಸ್ಪತ್ರೆಯ ಚಿಕಿತ್ಸೆಗೆ. ಓಣಿಯ ಕ್ಲಿನಿಕ್ಕಿನ ಬಾಟಲಿಗೂ ಮನೆಯಲ್ಲಿ ಮಲಗಿದ ದಿನದ ಕೂಲಿಗೂ ಅದರಿಂದ ದುಡ್ಡು ಬರುವುದಿಲ್ಲ. ಇವರ ಕಾರ್ಡು ಟ್ರಂಕಿನಲ್ಲಿ ಭದ್ರವಾಗಿತ್ತು. ಈ ನಷ್ಟಕ್ಕೆ ಅದು ಮುಟ್ಟಲೇ ಇಲ್ಲ.

48,400ನ್ನು ಎಲ್ಲಿಂದ ತುಂಬಿದರು? ಡಬ್ಬಿಯ 6,000 ಮೊದಲ ತಿಂಗಳಲ್ಲೇ ಖಾಲಿ. ಆಮೇಲೆ ಪರಿಚಯದವರೊಬ್ಬರ ಹತ್ತಿರ 30,000 ಸಾಲ, ನೂರಕ್ಕೆ ಐದು ರೂಪಾಯಿ ಬಡ್ಡಿ. ಕೊನೆಗೆ 28,000ದ ಗಾಡಿಯನ್ನು 12,000ಕ್ಕೆ ಕೊಟ್ಟರು. ಉಳಿದ ನಾನೂರು ಕಿರಾಣಿ ಅಂಗಡಿಯ ಉದ್ರಿ.

ಬಲೆ ಬಿಗಿದದ್ದು ಗಾಡಿ ಮಾರಿದ ದಿನ. ಆವರೆಗೆ ಆಗಿದ್ದು ನಷ್ಟ, ನಷ್ಟವನ್ನು ತುಂಬಿಕೊಳ್ಳಬಹುದು. ಗಾಡಿ ಹೋದ ಮೇಲೆ ತುಂಬಿಕೊಳ್ಳುವ ದಾರಿಯೇ ಹೋಯಿತು. ಯಜಮಾನರು ಗುಣವಾದರು, ಆದರೆ ಒಲೆಯ ಮುಂದೆ ನಿಲ್ಲಲು ಆಗದೆ ಚೀಲ ಹೊಲಿಯುವ ಹಗುರ ಕೆಲಸಕ್ಕೆ ಹೋದರು. ದಿನಕ್ಕೆ 350, ತಿಂಗಳಿಗೆ 8,400. ಹೆಂಡತಿ ಎರಡು ಮನೆಗಳ ಪಾತ್ರೆ-ಬಟ್ಟೆ ಕೆಲಸ ಹಿಡಿದರು, 3,000. ಗೃಹಲಕ್ಷ್ಮಿ 2,000. ಒಟ್ಟು 13,400. ಮನೆ ಖರ್ಚನ್ನು ಹಿಂಡಿ ಹಿಂಡಿ 14,500ಕ್ಕೆ ಇಳಿಸಿದರು. ಜೊತೆಗೆ ಬಡ್ಡಿ 1,500. ಪ್ರತಿ ತಿಂಗಳೂ 2,600 ಕಡಿಮೆ. ಆಗ ಒಂಬತ್ತನೇ ಕ್ಲಾಸಿನ ಮಗನನ್ನು ಸ್ಕೂಲು ಬಿಡಿಸಿ ಗ್ಯಾರೇಜಿಗೆ ಹಾಕಿದರು. ಅವನಿಗೆ ತಿಂಗಳಿಗೆ 3,000. ಈಗ 400 ರೂಪಾಯಿ ಉಳಿಯುತ್ತದೆ.

ಆ 400ನ್ನು ಸ್ವಲ್ಪ ಹೊತ್ತು ನೋಡಿ. ಮನೆ ಮುಳುಗಲಿಲ್ಲ. ಒಲೆ ಉರಿಯುತ್ತಿದೆ, ಬಡ್ಡಿ ತಪ್ಪಿಲ್ಲ, ಸಾಲ ಕೊಟ್ಟವರಿಗೆ ಮುಖ ತಪ್ಪಿಸಿ ಓಡಾಡುವ ಸ್ಥಿತಿ ಬಂದಿಲ್ಲ. ಹೊರಗಿನವರಿಗೆ ‘ಹೆಂಗೋ ನಡೀತಾ ಇದೆ’ ಅಂತಲೇ ಕಾಣುತ್ತದೆ. ಆದರೆ ಒಂದು ಜ್ವರ, ಒಂದು ಮದುವೆಯ ಮುಯ್ಯಿ ಬಂದರೆ ಆ 400 ಹೋಯಿತು. ಏನೂ ಬರದಿದ್ದರೂ ತಿಂಗಳಿಗೆ 400ರಂತೆ 30,000 ಅಸಲಿನಷ್ಟು ಕೂಡಿಡಲು 75 ತಿಂಗಳು ಬೇಕು, ಅಂದರೆ ಆರು ವರ್ಷ ದಾಟುತ್ತದೆ. ಅಷ್ಟರಲ್ಲಿ ಮಗ ಇಪ್ಪತ್ತು ದಾಟಿರುತ್ತಾನೆ, ಓದು ಮುಗಿದ ಮಾತು. ಕೆಳಗೂ ಬೀಳದೆ, ಮೇಲಕ್ಕೂ ಹತ್ತದೆ ಅಲ್ಲೇ ನಿಲ್ಲುವ ಈ ಜಾಗಕ್ಕೇ ಬಡತನದ ಬಲೆ ಅನ್ನುವುದು. ನಿಮ್ಮ ತಾತನಿಂದ ಅಪ್ಪನಿಗೆ, ಅಪ್ಪನಿಂದ ನಿಮಗೆ ಬಂದದ್ದು ಬರೀ ಸಾಲದ ಚೀಟಿ ಅಲ್ಲ. ಆ ಚೀಟಿಯ ಬಡ್ಡಿ ಕಟ್ಟಲು ಯಾರೋ ಒಬ್ಬ ಹುಡುಗ ಓದು ಬಿಟ್ಟು ಕೂಲಿಗೆ ಹೋಗಿರುತ್ತಾನೆ. ಅವನಿಗೆ ಸಿಗುವ ಕೂಲಿ ಮುಂದೆ ಅವನ ಮನೆಯಲ್ಲೂ ಇಷ್ಟೇ ಉಳಿಸುತ್ತದೆ.

ಇದು ಬರೀ ನಮ್ಮೂರಿನ ಊಹೆಯಲ್ಲ. ಬಾಂಗ್ಲಾದೇಶದಲ್ಲಿ ಬ್ರಾಕ್ ಎಂಬ ಸಂಸ್ಥೆ ತೀರಾ ಬಡ ಹೆಂಗಸರಿಗೆ ಹಸುವಿನಂಥ ದುಡಿಯುವ ಆಸ್ತಿಯನ್ನು ಒಂದೇ ಸಲ ಉಚಿತವಾಗಿ ಕೊಟ್ಟಿತು. 2007ರಿಂದ ಸಾವಿರಾರು ಮನೆಗಳನ್ನು ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು, 2022ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಎಲ್ಲರಿಗೂ ಹೆಚ್ಚು ಕಡಿಮೆ ಒಂದೇ ಬೆಲೆಯ ಆಸ್ತಿ ಸಿಕ್ಕಿತ್ತು. ಮೊದಲೇ ಚೂರುಪಾರು ಏನೋ ಇದ್ದವರು ಹಸು ಸೇರಿದ ಮೇಲೆ ಒಂದು ಹೊಸ್ತಿಲು ದಾಟಿದರು, ವರ್ಷದಿಂದ ವರ್ಷಕ್ಕೆ ಮೇಲೆ ಹೋದರು. ಏನೂ ಇಲ್ಲದವರು ಹಸು ಸಿಕ್ಕ ಮೇಲೂ ಹೊಸ್ತಿಲ ಕೆಳಗೇ ಉಳಿದರು, ನಿಧಾನಕ್ಕೆ ಹಳೇ ಜಾಗಕ್ಕೇ ಜಾರಿದರು. ಆ ಎರಡು ಗುಂಪಿನ ಹೆಂಗಸರ ಬುದ್ಧಿಯಲ್ಲೋ ದುಡಿಮೆಯಲ್ಲೋ ವ್ಯತ್ಯಾಸ ಇರಲಿಲ್ಲ, ಶುರುವಿನಲ್ಲಿ ಕೈಯಲ್ಲಿದ್ದದ್ದರಲ್ಲಿ ಇತ್ತು. ನಾನು ಹೇಳಿದ ಮನೆಗೆ ಆ ಹೊಸ್ತಿಲೇ ಮಿರ್ಚಿ ಗಾಡಿ.

ಎಲ್ಲ ಬಡತನವೂ ಹೀಗೇ ಅಂತ ನಾನು ಹೇಳುವುದಿಲ್ಲ. ಇಂಥ ಹೊಸ್ತಿಲು ಎಲ್ಲ ಕಡೆಯೂ ಇದೆ ಅಂತ ಎಲ್ಲ ಅರ್ಥಶಾಸ್ತ್ರಜ್ಞರೂ ಒಪ್ಪುವುದೂ ಇಲ್ಲ. ಕೆಲವು ಮನೆಗಳಲ್ಲಿ ಸಾಲವೇ ಇಲ್ಲ, ಕೂಲಿಯೇ ಸಾಲದು. ‘ಕರ್ನಾಟಕದ ಮ್ಯಾಂಚೆಸ್ಟರ್’ ಅಂತ ಹೆಸರಾಗಿದ್ದ ಊರಿನಲ್ಲಿ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದಾಗ ನಿಮ್ಮ ತಾತನಂಥವರ ಸಂಬಳ ನಿಂತಿತು. ಅದನ್ನು ಯಾವ ಮನೆಯ ಲೆಕ್ಕದ ಪುಸ್ತಕವೂ ಸರಿಮಾಡುತ್ತಿರಲಿಲ್ಲ. ನಿಮ್ಮದು ಬಲೆಯೋ ಅಲ್ಲವೋ ತಿಳಿಯಲು ನಾನು ಕೇಳುವ ಪ್ರಶ್ನೆ ಒಂದೇ: ಕಳೆದ ಹನ್ನೆರಡು ತಿಂಗಳಲ್ಲಿ ನೀವು ಕಟ್ಟಿದ್ದು ಎಷ್ಟು, ಅಸಲು ಇಳಿದಿದ್ದು ಎಷ್ಟು? ಕಟ್ಟಿದ್ದು ಸಾವಿರಗಟ್ಟಲೆ, ಇಳಿದಿದ್ದು ಸೊನ್ನೆ ಆಗಿದ್ದರೆ ಬಲೆಯೇ.

ಆ ಅಮ್ಮ ನನ್ನ ಹತ್ತಿರ ಬಂದಾಗ ಮಗನ ಹಳೇ ಗಣಿತದ ನೋಟ್‌ಬುಕ್ ತಂದಿದ್ದರು. ಮುಂದಿನ ಹಾಳೆಗಳಲ್ಲಿ ಹುಡುಗನ ಬೀಜಗಣಿತ, ಹಿಂದಿನಿಂದ ಬಡ್ಡಿ ಕಟ್ಟಿದ ತಾರೀಖು. ಪೆನ್ಸಿಲ್ಲಿನಲ್ಲಿ ಸಾಲಾಗಿ 1,500, 1,500, 1,500. ಎಣಿಸಿದೆ, ಇಪ್ಪತ್ತು ಸಾಲು. ಒಟ್ಟು 30,000 ಕಟ್ಟಿ ಆಗಿತ್ತು. ‘ಅಸಲು ಹಂಗೇ ಐತೆ ಅಂತಾರ್ರೀ ಸರ, ನಾನೆಲ್ಲಾದ್ರೂ ಎಣಿಸೋದು ತಪ್ಪಿದೀನಾ ನೋಡ್ರಿ’ ಅಂದರು. ಎಣಿಕೆ ತಪ್ಪಿರಲಿಲ್ಲ.

ಅವತ್ತು ನಾನು ಅದೇ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದ್ದನ್ನು ನಿಮಗೂ ಹೇಳುತ್ತೇನೆ. ನೂರಕ್ಕೆ ಐದು ಅಂದರೆ ತಿಂಗಳಿಗೆ, ವರ್ಷಕ್ಕೆ ನೂರಕ್ಕೆ 60. ಅವರು ಕಟ್ಟುತ್ತಿದ್ದ 1,500 ಪೂರ್ತಿ ಬಡ್ಡಿಗೇ ಹೋಗುತ್ತಿತ್ತು. ಅದೇ 30,000ವನ್ನು ಮಹಿಳಾ ಸಂಘದ ಮೂಲಕ ಬ್ಯಾಂಕಿನಿಂದ ವರ್ಷಕ್ಕೆ ಶೇಕಡಾ 12ರ ಬಡ್ಡಿಗೆ ತಗೊಂಡರೆ, ಬಡ್ಡಿ-ಅಸಲು ಎರಡೂ ಸೇರಿ ತಿಂಗಳಿಗೆ ಸುಮಾರು 1,412. ಇಪ್ಪತ್ತನಾಲ್ಕು ತಿಂಗಳಿಗೆ ಸಾಲ ಸೊನ್ನೆ. ಇಷ್ಟು ದಿನ ಕಟ್ಟುತ್ತಿದ್ದುದಕ್ಕಿಂತ ಕಡಿಮೆ ಕಟ್ಟಿ ಸಾಲ ಮುಗಿಸಬಹುದು! ದುಬಾರಿ ಅಂತ ನಾವು ಬೈಯುವ ಮೈಕ್ರೋಫೈನಾನ್ಸಿನ ಶೇಕಡಾ 24ಕ್ಕೆ ತಗೊಂಡರೂ ಕಂತು 1,586 ರೂಪಾಯಿ, ಅದೂ ಎರಡು ವರ್ಷಕ್ಕೆ ಮುಗಿಯುತ್ತದೆ. ಆ ಅಮ್ಮ ಸಾಲ ತೀರಿಸುವಷ್ಟು ದುಡ್ಡನ್ನು ಇಪ್ಪತ್ತು ತಿಂಗಳಿಂದ ತಪ್ಪದೆ ಹೊಂದಿಸುತ್ತಲೇ ಇದ್ದರು. ಅದು ತಪ್ಪು ಜಾಗಕ್ಕೆ ಹೋಗುತ್ತಿತ್ತು.

ಹಾಗಾದರೆ ಮೊದಲೇ ಯಾಕೆ ಬ್ಯಾಂಕಿಗೆ ಹೋಗಲಿಲ್ಲ ಅಂತ ಕೇಳಬಹುದು. ನಾನು ಆ ಮೇಜಿನ ಆಚೆ ಕೂತಿದ್ದವನು, ನೇರವಾಗಿ ಹೇಳುತ್ತೇನೆ. 30,000 ಸಾಲಕ್ಕೂ 3 ಲಕ್ಷದ ಸಾಲಕ್ಕೂ ಬ್ಯಾಂಕಿನವರಿಗೆ ಕಾಗದದ ಕೆಲಸ ಹೆಚ್ಚು ಕಡಿಮೆ ಅಷ್ಟೇ. ಭಟ್ಟಿಯ ಕೂಲಿಗೆ ಸಂಬಳದ ಚೀಟಿ ಇಲ್ಲ, ಮನೆ ಬಾಡಿಗೆಯದು, ಅಡ ಇಡಲು ಏನೂ ಇಲ್ಲ. ‘ನೋಡೋಣ, ಮುಂದಿನ ವಾರ ಬನ್ನಿ’ ಅಂತ ಆಗುತ್ತದೆ. ಜ್ವರ ಮುಂದಿನ ವಾರದವರೆಗೆ ಕಾಯುತ್ತದಾ? ಕೈಸಾಲ ಕೊಡುವವನು ರಾತ್ರಿ ಒಂಬತ್ತಕ್ಕೂ ಬಾಗಿಲು ತೆಗೆಯುತ್ತಾನೆ, ಹತ್ತು ನಿಮಿಷದಲ್ಲಿ ನೋಟು ಎಣಿಸುತ್ತಾನೆ. ಬಡವರು ಆ ಐದು ರೂಪಾಯಿ ಬಡ್ಡಿ ಕೊಡುವುದು ಆ ಹತ್ತು ನಿಮಿಷಕ್ಕೆ. ಆದ್ದರಿಂದ ತುರ್ತಿಗೆ ಅಂಥ ಸಾಲ ತಗೊಂಡವರನ್ನು ನಾನು ಯಾವತ್ತೂ ಬೈಯುವುದಿಲ್ಲ. ತುರ್ತು ಕಳೆದ ಮೇಲೂ ಅದೇ ಸಾಲ ವರ್ಷಗಟ್ಟಲೆ ಉಳಿಯುವುದು ತಪ್ಪು. ಅದನ್ನು ಎರಡು ಮೂರು ತಿಂಗಳಲ್ಲಿ ಕಡಿಮೆ ಬಡ್ಡಿಯ ಸಾಲಕ್ಕೆ ಬದಲಿಸಲೇಬೇಕು.

ಗಾಡಿ ವ್ಯಾಪಾರದವರಿಗೆ ಇನ್ನೊಂದು ಸಾಲ ಇದೆ, ಬಹಳ ಸಾಧು ಹಾಗೆ ಕಾಣುತ್ತದೆ. 10,000 ಅಂತ ಬರೆದು ಕೈಗೆ 9,000 ಕೊಡುತ್ತಾರೆ, ದಿನಕ್ಕೆ ನೂರರಂತೆ ನೂರು ದಿನ ಕಟ್ಟಬೇಕು. ಸಾವಿರ ರೂಪಾಯಿ ತಾನೆ ಅನ್ನಿಸುತ್ತದೆ. ಆದರೆ ದಿನಾ ವಾಪಸ್ ಕೊಡುತ್ತಾ ಹೋಗುವುದರಿಂದ ಸರಾಸರಿ ನಿಮ್ಮ ಕೈಯಲ್ಲಿ ಇರುವುದು ನಾಲ್ಕೂವರೆ ಸಾವಿರ ಮಾತ್ರ. ನೂರು ದಿನಕ್ಕೆ ಅದರ ಮೇಲೆ ಸಾವಿರ ಅಂದರೆ ವರ್ಷದ ಲೆಕ್ಕದಲ್ಲಿ ನೂರಕ್ಕೆ 80ರ ಹತ್ತಿರ.

ಉಳಿತಾಯದ ಬಗ್ಗೆಯೂ ಒಂದು ಮಾತು. ಬಡವರಿಗೆ ಕೂಡಿಡುವ ಅಭ್ಯಾಸ ಇಲ್ಲ ಅಂತ ಉಪದೇಶ ಮಾಡುವವರು ಆ ಹಾರ್ಲಿಕ್ಸ್ ಡಬ್ಬಿ ನೋಡಿಲ್ಲ. ಅಭ್ಯಾಸ ಇದೆ, ಡಬ್ಬಿಗೆ ಬೀಗ ಇಲ್ಲ. ನಾದಿನಿಯ ಸೀಮಂತ, ಪಕ್ಕದ ಮನೆಯವರ ಗ್ಯಾಸು, ಹಬ್ಬ, ಎಲ್ಲದಕ್ಕೂ ಅದೇ ಡಬ್ಬಿ. ಕೈಯಲ್ಲಿ ದುಡ್ಡಿದೆ ಅಂತ ಗೊತ್ತಾದ ಮೇಲೆ ‘ಇಲ್ಲ’ ಅನ್ನುವುದು ನಮ್ಮ ಓಣಿಗಳಲ್ಲಿ ಸುಲಭ ಅಲ್ಲ. ಕೀನ್ಯಾದಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಹಳ್ಳಿಯ ಜನರಿಗೆ ಆರೋಗ್ಯಕ್ಕೆ ಅಂತಲೇ ದುಡ್ಡಿಡಲು ಬೀಗವಿರುವ ಒಂದು ಸಾದಾ ಪೆಟ್ಟಿಗೆ ಕೊಟ್ಟು ನೋಡಿದರು. 2013ರಲ್ಲಿ ಅದು ಪ್ರಕಟವಾಯಿತು. ಬಡ್ಡಿ ಇಲ್ಲ, ಬಹುಮಾನ ಇಲ್ಲ, ಅಷ್ಟಾದರೂ ಆರೋಗ್ಯಕ್ಕೆ ಜನ ತೆಗೆದಿಟ್ಟ ದುಡ್ಡು ಚೆನ್ನಾಗಿಯೇ ಹೆಚ್ಚಿತು. ‘ಇದು ಕಾಯಿಲೆಯ ದುಡ್ಡು’ ಅಂತ ಬೇರೆ ಇಟ್ಟರೆ ಕೇಳಿದವರಿಗೆ ಹೇಳಲು ಒಂದು ಕಾರಣ ಸಿಗುತ್ತದೆ. ಅಂಚೆ ಕಚೇರಿಯ ಖಾತೆ ಆದರೂ ಸರಿ, ಸಂಘದ ವಾರದ ಐವತ್ತು ರೂಪಾಯಿ ಆದರೂ ಸರಿ. ಗುರಿ ಹತ್ತಿಪ್ಪತ್ತು ಸಾವಿರ ಇರಲಿ, ಒಂದು ತಿಂಗಳ ಕೂಲಿಗೆ ಸಮ. ಇವರ ಡಬ್ಬಿಯಲ್ಲಿ 6,000ದ ಬದಲು 18,000 ಇದ್ದಿದ್ದರೆ ಗಾಡಿ ಮಾರಬೇಕಾಗಿರಲಿಲ್ಲ. ಬರೀ 12,000 ರೂಪಾಯಿ ವ್ಯತ್ಯಾಸಕ್ಕೆ ತಿಂಗಳಿಗೆ 5,000 ತರುತ್ತಿದ್ದ ಆಸ್ತಿ ಹೋಯಿತು.

ಖರ್ಚು ಹಿಂಡಿದಾಗ ಮೊದಲು ಹೋಗಿದ್ದು ಏನು ಗೊತ್ತಾ? ಹಾಲು, ಮೊಟ್ಟೆ, ಬೇಳೆ. ಬಾಡಿಗೆ ಕಡಿಮೆ ಮಾಡಲು ಆಗುವುದಿಲ್ಲ, ತಟ್ಟೆಯಲ್ಲಿ ಕಡಿಮೆ ಮಾಡಬಹುದು. ಟಿಬಿ ಇರುವ ಮನೆಯಲ್ಲಿ ಇದು ಎಷ್ಟು ಅಪಾಯ ಅಂತ ಜಾರ್ಖಂಡದಲ್ಲಿ ನಡೆದ ಒಂದು ದೊಡ್ಡ ಅಧ್ಯಯನ ತೋರಿಸಿದೆ. ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅದರ ಮುಂದಾಳುಗಳು. ರೋಗಿಯ ಮನೆಯವರಿಗೆಲ್ಲ ಪೌಷ್ಟಿಕ ರೇಷನ್ ಕೊಟ್ಟಾಗ ಆ ಮನೆಯ ಬೇರೆಯವರಿಗೆ ಟಿಬಿ ಬರುವುದು ಸುಮಾರು 40ರಿಂದ 50 ಶೇಕಡಾ ಕಡಿಮೆಯಾಯಿತು ಅಂತ 2023ರಲ್ಲಿ ಪ್ರಕಟಿಸಿದರು. ಅಂದರೆ ಬಡ್ಡಿ ಕಟ್ಟಲು ಮೊಟ್ಟೆ ನಿಲ್ಲಿಸಿದ ಮನೆಯಲ್ಲಿ ಮುಂದಿನ ರೋಗಿ ಮಗಳೋ ಅತ್ತೆಯೋ ಆಗಬಹುದು. ಕಾಯಿಲೆ ಸಾಲ ತರುತ್ತದೆ, ಸಾಲ ತಟ್ಟೆಗೆ ಕೈ ಹಾಕುತ್ತದೆ, ತಟ್ಟೆ ಬರಿದಾದರೆ ಮತ್ತೆ ಕಾಯಿಲೆ. ಟಿಬಿ ರೋಗಿಯ ಊಟಕ್ಕೆ ಸರ್ಕಾರ ಕೊಡುವ ದುಡ್ಡನ್ನು 2024ರ ನವೆಂಬರಿನಿಂದ ತಿಂಗಳಿಗೆ 500ರಿಂದ 1,000ಕ್ಕೆ ಏರಿಸಿದ್ದಾರೆ. ಅದು ಬ್ಯಾಂಕ್ ಖಾತೆಗೆ ಬರುತ್ತದೆ. ಬಂದಿದೆಯಾ ಅಂತ ಪಾಸ್‌ಬುಕ್ ನೋಡಬೇಕು, ಬಂದ ದುಡ್ಡು ಬಡ್ಡಿಗೆ ಹೋಗದೆ ತಟ್ಟೆಗೇ ಹೋಗಬೇಕು.

ಆ ಮನೆ ಹೇಗೆ ಹೊರಗೆ ಬಂತು ಅಂತ ಹೇಳುತ್ತೇನೆ. ಆ ಅಮ್ಮ ಹಿಂದೆ ಒಂದು ಸಂಘದಲ್ಲಿದ್ದು, ಕಷ್ಟ ಬಂದಾಗ ನಾಚಿಕೆಯಿಂದ ಸಭೆಗೆ ಹೋಗುವುದನ್ನೇ ಬಿಟ್ಟಿದ್ದರು. ಮೊದಲು ಅಲ್ಲಿಗೆ ವಾಪಸ್ ಹೋದರು, ನಾಲ್ಕು ತಿಂಗಳು ತಪ್ಪದೆ ಉಳಿತಾಯ ಕಟ್ಟಿದರು. ಸಂಘಕ್ಕೆ ಬ್ಯಾಂಕಿನ ಸಾಲ ಬಂದಾಗ ಅವರ ಪಾಲಿಗೆ 30,000. ಅದನ್ನು ಮನೆಗೆ ಒಯ್ಯದೆ ನೇರವಾಗಿ ಕೈಸಾಲದವನಿಗೆ ಕೊಟ್ಟು, ಸಹಿ ಹಾಕಿಕೊಟ್ಟಿದ್ದ ಖಾಲಿ ಛಾಪಾ ಕಾಗದ ವಾಪಸ್ ಪಡೆದರು. ಈ ‘ನೇರವಾಗಿ’ ಅನ್ನುವುದು ಮುಖ್ಯ. ಹೊಸ ಸಾಲ ಒಂದು ರಾತ್ರಿ ಮನೆಯಲ್ಲಿ ಉಳಿದರೆ ಅರ್ಧ ಬೇರೆ ಕಡೆ ಹೋಗುತ್ತದೆ, ಆಮೇಲೆ ಹಳೆಯದೂ ಹೊಸದೂ ಎರಡೂ ಕುತ್ತಿಗೆಗೆ. ಇದು ತಪ್ಪಿದ ಮನೆಗಳನ್ನೂ ನೋಡಿದ್ದೇನೆ, ಒಂದರ ಕಂತು ಕಟ್ಟಲು ಇನ್ನೊಂದು, ಅದಕ್ಕೆ ಮತ್ತೊಂದು.

ಎರಡನೇ ಹೆಜ್ಜೆ ಗಾಡಿ. ಬೀದಿ ವ್ಯಾಪಾರಿಗಳಿಗೆ ಪಿಎಂ ಸ್ವನಿಧಿ ಅಂತ ಅಡಮಾನ ಇಲ್ಲದ ಸಾಲ 2020ರಿಂದ ಇದೆ. ಅವರಿಗೆ ಸಿಕ್ಕಿದ್ದು 10,000. 2025ರಲ್ಲಿ ಆ ಮೊದಲ ಸಾಲವನ್ನು 15,000ಕ್ಕೆ ಏರಿಸಿದ್ದಾರೆ. ಇದಕ್ಕೆ ಪಾಲಿಕೆಯಿಂದ ವ್ಯಾಪಾರಿಯ ಗುರುತಿನ ಚೀಟಿ ಅಥವಾ ಶಿಫಾರಸು ಪತ್ರ ಬೇಕು. 9,000ಕ್ಕೆ ಹಳೇ ಗಾಡಿ ತಗೊಂಡರು, ಬಾಣಲೆ ತಂಗಿಯ ಮನೆಯದು. ಮೊದಲಿನ ಜಾಗ ಬೇರೆಯವರು ಹಿಡಿದಿದ್ದರು, ವ್ಯಾಪಾರ ಮೊದಲಿನಷ್ಟಿಲ್ಲ, ದಿನಕ್ಕೆ 150 ಉಳಿದರೆ ಜಾಸ್ತಿ. ಒಂದು ಮನೆಯ ಕೆಲಸ ಬಿಟ್ಟು ಇನ್ನೊಂದನ್ನು ಉಳಿಸಿಕೊಂಡರು. ಎರಡೂ ಕಂತು ಕಟ್ಟಿದ ಮೇಲೆ ತಿಂಗಳಿಗೆ ಸುಮಾರು 1,800 ಉಳಿಯತೊಡಗಿತು, ಆ 400 ಇದ್ದ ಜಾಗದಲ್ಲಿ. ಮಗ ಸ್ಕೂಲಿಗೆ ವಾಪಸ್ ಹೋಗಲಿಲ್ಲ. ಕೇಳಿದೆ, ತಮ್ಮಂದಿರಷ್ಟು ವಯಸ್ಸಿನವರ ಜೊತೆ ಕೂರಲು ನಾಚಿಕೆ ಅಂದ. ಮಗಳು ಓದುತ್ತಿದ್ದಾಳೆ. ಹುಡುಗನ ಓದು ಹೋಗಿದ್ದು ನನಗೆ ಇವತ್ತಿಗೂ ಚುಚ್ಚುತ್ತದೆ. ಲೆಕ್ಕದಲ್ಲಿ ಎಲ್ಲ ಸರಿಹೋದರೂ ಅದೊಂದು ವಾಪಸ್ ಬರಲಿಲ್ಲ.

ನಿಮ್ಮ ಸಾಲ ಯಾರ ಹತ್ತಿರ ಇದೆ ಅಂತ ನೀವು ಬರೆದಿಲ್ಲ. ಮೈಕ್ರೋಫೈನಾನ್ಸ್ ಆಗಿದ್ದರೆ, ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟುವಂತೆ ಅವರು ಸಾಲ ಕೊಡಬಾರದು ಅಂತ 2022ರಿಂದ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಆದರೆ ಅರ್ಧ ಅನ್ನುವುದು ಕಾನೂನಿನ ಗೆರೆ, ನಿಮ್ಮ ಮನೆಗೆ ಸುರಕ್ಷಿತ ಅಂತ ಅಲ್ಲ. ನಾನು ಹೇಳಿದ ಮನೆ ಸಿಕ್ಕಿಹಾಕಿಕೊಂಡಿದ್ದು ಆದಾಯದ ಒಂಬತ್ತರಲ್ಲಿ ಒಂದು ಪಾಲಿನಷ್ಟು ಬಡ್ಡಿಗೆ. ನೋಂದಣಿ ಇಲ್ಲದ ಕೈಸಾಲದವರಾಗಿದ್ದು ಮನೆ ಮುಂದೆ ಬಂದು ಗಲಾಟೆ, ಬೆದರಿಕೆ ಮಾಡುತ್ತಿದ್ದರೆ ಅದನ್ನು ತಡೆಯಲು ರಾಜ್ಯದಲ್ಲಿ 2025ರಲ್ಲಿ ಹೊಸ ಕಾನೂನು ಬಂದಿದೆ, ಪೊಲೀಸರು ದೂರು ತಗೊಳ್ಳಬೇಕು. ಎರಡಕ್ಕೂ ಕಟ್ಟಿದ ತಾರೀಖು, ಮೊತ್ತ ಬರೆದಿಟ್ಟ ಪುಸ್ತಕ ನಿಮ್ಮ ಕೈಯಲ್ಲಿರಬೇಕು. ಇವತ್ತಿನಿಂದಲೇ ಬರೆಯಿರಿ.

ಆದರೆ ಸಾಲದ ಕೆಲಸ ಒಂದು ವಾರ ತಡವಾದರೂ ನಡೆಯುತ್ತದೆ. ನಿಮ್ಮ ಪತ್ರದಲ್ಲಿ ಅಪ್ಪನಿಗೆ ಕೆಮ್ಮು ಅಂತ ಒಂದೇ ಸಾಲು ಬರೆದಿದ್ದೀರಿ, ಎಷ್ಟು ದಿನದಿಂದ ಅಂತ ಇಲ್ಲ. ಎರಡು ವಾರ ದಾಟಿದ್ದರೆ, ಸಂಜೆ ಜ್ವರ ಬರುತ್ತಿದ್ದರೆ, ತೂಕ ಇಳಿದಿದ್ದರೆ ಭಟ್ಟಿಯ ಧೂಳು ಅಂತ ಬಿಡಬೇಡಿ. ಟಿಬಿ ಇಲ್ಲದೆಯೂ ಇರಬಹುದು, ಹೊಗೆಯಿಂದಲೇ ಆದ ಕೆಮ್ಮಿರಬಹುದು, ಅದಕ್ಕೂ ಚಿಕಿತ್ಸೆ ಇದೆ. ನಾಳೆ ಒಂದು ದಿನ ಹಮಾಲಿಗೆ ರಜೆ ಹಾಕಿ. ಹತ್ತಿರದ ನಗರ ಆರೋಗ್ಯ ಕೇಂದ್ರಕ್ಕೋ ಜಿಲ್ಲಾಸ್ಪತ್ರೆಗೋ ಅವರನ್ನು ನೀವೇ ಕರೆದುಕೊಂಡು ಹೋಗಿ, ಕಫ ಪರೀಕ್ಷೆ ಮಾಡಿಸಬೇಕು ಅಂತ ಬಾಯಿಬಿಟ್ಟು ಕೇಳಿ. ಬೆಳಿಗ್ಗೆ ಎದ್ದ ತಕ್ಷಣ ಕೆಮ್ಮಿ ತೆಗೆದ ಕಫ ಬೇಕಾಗುತ್ತದೆ, ಬರೀ ಎಂಜಲು ಆದರೆ ಪರೀಕ್ಷೆ ಸರಿಯಾಗಿ ಬರುವುದಿಲ್ಲ. ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ. ಟಿಬಿ ಅಂತ ಬಂದರೆ ಮನೆಯಲ್ಲಿ ಎಲ್ಲರಿಗೂ, ಮೊದಲು ಚಿಕ್ಕ ಮಕ್ಕಳಿಗೆ, ಪರೀಕ್ಷೆ ಮಾಡಿಸಿ. ಫಲಿತಾಂಶ ಬಂದ ಮೇಲೆ ಸಾಲದ ವಿವರದ ಜೊತೆ ಇನ್ನೊಂದು ಪತ್ರ ಬರೆಯಿರಿ, ಲೆಕ್ಕವನ್ನು ಕೂತು ಬಿಡಿಸೋಣ.